ಕಾಫಿ ಬಿಟ್ಟಾಗಿನ ತಲೆನೋವು: ಪುಡಿಯ ಲೆಕ್ಕದಲ್ಲಿ ಕೆಫೀನ್ ಇಳಿಸುವುದು

ನರ್ಸಿಂಗ್ ಓದುತ್ತಿರುವ ನನ್ನ ಜೊತೆಯವರಿಗಾಗಿ ಬರೆದುಕೊಂಡ ಟಿಪ್ಪಣಿ ಇದು. ಲಕ್ಷಣಗಳ ಪಟ್ಟಿ ಎಲ್ಲರಿಗೂ ಬಾಯಿಗೆ ಬರುತ್ತದೆ: ತಲೆನೋವು, ಸುಸ್ತು, ತೂಕಡಿಕೆ, ಸಿಡುಕು, ಗಮನ ನಿಲ್ಲದಿರುವುದು, ಕೆಲವರಿಗೆ ವಾಕರಿಕೆ, ಮೈಕೈ ನೋವು. ಕೊನೆಯ ಗುಟುಕಿನ ನಂತರ 12ರಿಂದ 24 ಗಂಟೆಯೊಳಗೆ ಶುರುವಾಗುತ್ತದೆ. ಒಂದೆರಡು ದಿನದಲ್ಲಿ ಜೋರಾಗಿ, 2ರಿಂದ 9 ದಿನದಲ್ಲಿ ಇಳಿಯುತ್ತದೆ. 2013ರಲ್ಲಿ ಬಂದ, ಮಾನಸಿಕ ರೋಗಗಳ ಕೈಪಿಡಿಯಾದ ಡಿಎಸ್‌ಎಂ-5 ಇದನ್ನು ಅಧಿಕೃತ ರೋಗನಿರ್ಣಯವಾಗಿಯೇ ಸೇರಿಸಿಕೊಂಡಿತು. ಪರೀಕ್ಷೆಗೆ ಇಷ್ಟು ಸಾಕು. ಕಷ್ಟವಾಗುವುದು ಮುಂದಿನದು.

ಇಲ್ಲದ ವಸ್ತು ನೋವು ತರುವುದು ಹೇಗೆ?

ಕೆಫೀನ್ ಶಕ್ತಿ ಕೊಡುತ್ತದೆ ಎಂದುಕೊಂಡರೆ ಈ ಪಾಠ ಎಂದೂ ಅರ್ಥವಾಗುವುದಿಲ್ಲ. ಶಕ್ತಿ ಕೊಡುವ ವಸ್ತು ನಿಂತರೆ ಸುಸ್ತಾಗಬಹುದು, ಸರಿ. ಆದರೆ ತಲೆ ಯಾಕೆ ಸಿಡಿಯಬೇಕು?

ನಾವು ಎಚ್ಚರವಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಕೂಡುತ್ತಾ ಹೋಗುತ್ತದೆ. ಅದು ತನ್ನ ರಿಸೆಪ್ಟರ್‌ಗಳಿಗೆ ಅಂಟಿದಾಗ ಎರಡು ಕೆಲಸ ನಡೆಯುತ್ತವೆ: ನರಕೋಶಗಳ ಚಟುವಟಿಕೆ ತಗ್ಗಿ ನಿದ್ದೆ ಎಳೆಯುತ್ತದೆ, ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ. ಕೆಫೀನಿನ ಆಕಾರ ಅಡೆನೊಸಿನ್‌ಗೆ ಹತ್ತಿರ. ಹಾಗಾಗಿ ಅದೇ ಬೀಗದೊಳಗೆ ಹೋಗಿ ಕೂರುತ್ತದೆ, ಆದರೆ ತಿರುಗುವುದಿಲ್ಲ. ಬೀಗವೂ ತೆರೆಯಲಿಲ್ಲ, ಸರಿಯಾದ ಕೀಲಿಗೆ ಜಾಗವೂ ಇಲ್ಲ. ಅಂದರೆ ಕಾಫಿ ಕುಡಿದವರಿಗೆ ಹೊಸ ಶಕ್ತಿ ಏನೂ ಬಂದಿಲ್ಲ, ದಣಿವಿನ ಸುದ್ದಿ ಮುಟ್ಟಿಲ್ಲ ಅಷ್ಟೇ.

ದಿನಾ ಹೀಗಾದರೆ ದೇಹ ಸುಮ್ಮನಿರುವುದಿಲ್ಲ. ತನ್ನ ಸಂದೇಶ ತಲುಪುತ್ತಿಲ್ಲವೆಂದು ಅಡೆನೊಸಿನ್ ವ್ಯವಸ್ಥೆಯನ್ನೇ ಚುರುಕು ಮಾಡಿಕೊಳ್ಳುತ್ತದೆ. ಒಂದು ದಿನ ಕೆಫೀನ್ ಬರಲೇ ಇಲ್ಲ ಎನ್ನಿ. ಆಗ ಅಡೆನೊಸಿನ್‌ಗೆ ಸಿಗುವುದು ಮೊದಲಿನ ವ್ಯವಸ್ಥೆಯಲ್ಲ, ಚುರುಕಾಗಿ ಕಾದು ಕುಳಿತ ವ್ಯವಸ್ಥೆ. ಅದಕ್ಕೇ ಸುಸ್ತು ಕಾಫಿಯನ್ನೇ ಕುಡಿಯದವರ ಸುಸ್ತಿಗಿಂತ ಹೆಚ್ಚು. ರಕ್ತನಾಳಗಳು ಎಂದಿಗಿಂತ ಜಾಸ್ತಿ ಹಿಗ್ಗಿ ಮಿದುಳಿಗೆ ರಕ್ತದ ಹರಿವು ಏರುತ್ತದೆ, ತಲೆ ಮಿಡಿದಂತೆ ನೋಯುತ್ತದೆ. ಕೆಫೀನ್ ಇಲ್ಲದ ಸ್ಥಿತಿಗೆ ದೇಹ ಮತ್ತೆ ಹೊಂದಿಕೊಳ್ಳಲು ಕೆಲವು ದಿನ ಬೇಕು. ಮೇಲಿನ 2ರಿಂದ 9 ದಿನದ ಲೆಕ್ಕ ಅಲ್ಲಿಂದ ಬಂದದ್ದು.

ದೊಡ್ಡಮ್ಮನ ಏಕಾದಶಿ

ನಮ್ಮ ದೊಡ್ಡಮ್ಮ ದಶಮಿಯ ಸಂಜೆ ಏಳಕ್ಕೆ ಕೊನೆಯ ಕಾಫಿ ಕುಡಿದು ಏಕಾದಶಿಯ ದಿನ ನೀರೂ ಮುಟ್ಟುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಣೆಗೆ ಬಟ್ಟೆ ಬಿಗಿದುಕೊಂಡು ಮಲಗಿಬಿಡುತ್ತಾರೆ. "ಹೊಟ್ಟೆ ಖಾಲಿ ಇದ್ರೆ ತಲೆ ನೋಯದೆ ಇನ್ನೇನಾಗುತ್ತೆ ಕಣೇ" ಎನ್ನುವುದು ಅವರ ವಾದ. ದ್ವಾದಶಿ ಪಾರಣೆಯಾಗಿ ಕಾಫಿ ಒಳಗೆ ಹೋದ ಮುಕ್ಕಾಲು ಗಂಟೆಯಲ್ಲಿ ನೋವು ಮಾಯ. ಆದರೆ ಅಷ್ಟರಲ್ಲಿ ಅನ್ನ, ನೀರು ಎಲ್ಲವೂ ಹೋಗಿರುತ್ತವೆ. ಹಾಗಾಗಿ ಏಕಾದಶಿಯೊಂದರಿಂದಲೇ ಕಾರಣ ತೀರ್ಮಾನಿಸಲಾಗದು. ಇಲ್ಲಿ ಅವಸರ ಮಾಡಬೇಡಿ.

ಸುಳಿವು ಸಿಕ್ಕಿದ್ದು ಯಾತ್ರೆಯ ಬಸ್ಸಿನಲ್ಲಿ. ಹೊರಗಿನ ಕಾಫಿ ಮುಟ್ಟದ ದೊಡ್ಡಮ್ಮ ಅವತ್ತು ಕಟ್ಟಿಕೊಂಡ ಬುತ್ತಿ ಉಂಡಿದ್ದರು, ನೀರೂ ಚೆನ್ನಾಗಿ ಕುಡಿದಿದ್ದರು. ಆದರೂ ಮಧ್ಯಾಹ್ನಕ್ಕೆ ಅದೇ ನೋವು, ಅದೇ ಆಕಳಿಕೆ. ಹೊಟ್ಟೆ ತುಂಬಿದೆ, ನೀರು ಇದೆ, ಕೆಫೀನ್ ಮಾತ್ರ ಇಲ್ಲ. ಕೇಸ್ ಹಿಸ್ಟರಿ ತೆಗೆಯುವಾಗ ನಾವು ಹುಡುಕಬೇಕಾದದ್ದು ಇಂಥ ದಿನವನ್ನೇ. ರಜೆಯ ದಿನ ತಡವಾಗಿ ಎದ್ದಾಗ ಮಾತ್ರ ತಲೆನೋವು ಎನ್ನುವವರನ್ನೂ ಹೀಗೇ ಕೇಳಿ: ಮೊದಲ ಕಾಫಿ ಎಷ್ಟು ಹೊತ್ತಿಗೆ?

ಇಳಿಸುವ ಲೆಕ್ಕ

ದೊಡ್ಡಮ್ಮನದು ದಿನಕ್ಕೆ ಮೂರು ಲೋಟ, ಲೋಟಕ್ಕೆ 10 ಗ್ರಾಂ ಪುಡಿ, 80:20 ಮಿಶ್ರಣ. 20 ಎಂಬುದು ಚಿಕೋರಿ, ಅದರಲ್ಲಿ ಕೆಫೀನ್ ಇಲ್ಲ. ಅಂದರೆ 30 ಗ್ರಾಂನಲ್ಲಿ ಅಸಲಿ ಕಾಫಿ 24 ಗ್ರಾಂ. ಅರೇಬಿಕಾ ಬೀಜದಲ್ಲಿ ಕೆಫೀನ್ ಸುಮಾರು ಶೇಕಡಾ 1.2. ಪೂರ್ತಿ ಡಿಕಾಕ್ಷನ್‌ಗೆ ಇಳಿಯಿತೆಂದರೂ ದಿನಕ್ಕೆ 290 ಮಿಲಿಗ್ರಾಂ ಆಸುಪಾಸು.

ನನಗೆ ತುಂಬ ಹಿಡಿಸಿದ ಉಪಾಯ ಚಿಕೋರಿಯದು. ಲೋಟ ಕಡಿಮೆ ಮಾಡಿ ಎಂದರೆ ಯಾರೂ ಕೇಳುವುದಿಲ್ಲ. ಅದೇ ಪುಡಿಯನ್ನು 80:20ರ ಬದಲು 60:40 ಮಾಡಿಸಿ ತಂದರೆ ಫಿಲ್ಟರ್, ಚಮಚ, ಹಾಲು, ಹೊತ್ತು ಯಾವುದೂ ಬದಲಾಗುವುದಿಲ್ಲ. ಡಿಕಾಕ್ಷನ್ ಇನ್ನೂ ಕಪ್ಪಾಗಿ, ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ಅಸಲಿ ಕಾಫಿ 24ರಿಂದ 18 ಗ್ರಾಂಗೆ ಇಳಿದಿರುತ್ತದೆ. ಕಾಲು ಭಾಗ ಒಂದೇ ಏಟಿಗೆ! ಮುಂದೆ ಪುಡಿ ಮತ್ತು ಚಿಕೋರಿ ಬೇರೆಬೇರೆ ತಂದು ಮನೆಯಲ್ಲೇ ಸಮಸಮ ಬೆರೆಸಿದರೆ 15 ಗ್ರಾಂ. ಇಷ್ಟರವರೆಗೆ ಮೂರು ಲೋಟವೂ ಹಾಗೇ ಇವೆ.

ಇನ್ನು ಲೋಟಕ್ಕೆ ಕೈ ಹಾಕಬೇಕು. ಸಂಜೆಯದು ಬಿಟ್ಟರೆ 10 ಗ್ರಾಂ. ಎರಡನೆಯದನ್ನು ಅರ್ಧ ಮಾಡಿದರೆ 7.5. ಬೆಳಗಿನದು ಮಾತ್ರ ಉಳಿದರೆ 5, ಅದೂ ಅರ್ಧವಾದರೆ 2.5, ಆಮೇಲೆ ಸೊನ್ನೆ. ಒಂದೊಂದು ಮೆಟ್ಟಿಲಲ್ಲಿ ನಾಲ್ಕೈದು ದಿನದಿಂದ ವಾರದವರೆಗೆ ನಿಲ್ಲಬೇಕು. ತಲೆ ಭಾರವಿಲ್ಲದೆ ಎರಡು ದಿನ ಕಳೆದರೆ ಕೆಳಗಿಳಿಯಬಹುದು. ನೋವು ಬಂದರೆ ಅಲ್ಲೇ ಇನ್ನಷ್ಟು ದಿನ, ಅಥವಾ ಒಂದು ಮೆಟ್ಟಿಲು ಮೇಲಕ್ಕೆ.

ಕೊನೆಯ ಮೆಟ್ಟಿಲುಗಳು ಯಾಕಿಷ್ಟು ಚಿಕ್ಕವು? ದಿನಕ್ಕೆ 300 ಮಿಲಿಗ್ರಾಂ ಅಭ್ಯಾಸವಿದ್ದವರಲ್ಲಿ ಬಾಧೆ ಕಾಣಿಸಿಕೊಳ್ಳುವುದು ಹೆಚ್ಚಾಗಿ 100 ಅಥವಾ ಅದಕ್ಕಿಂತ ಕೆಳಗೆ ಬಂದಾಗ. ನಮ್ಮ ಲೆಕ್ಕದಲ್ಲಿ ಅದು 7.5 ಗ್ರಾಂ ಇರುವ ಜಾಗ, ಸುಮಾರು 90 ಮಿಲಿಗ್ರಾಂ. ಮೊದಲ ಅರ್ಧ ಸಲೀಸಾಗಿ ಮುಗಿಯಿತೆಂದು ಉಳಿದದ್ದನ್ನು ಒಮ್ಮೆಗೇ ಬಿಟ್ಟವರು ಅಲ್ಲೇ ಸಿಕ್ಕಿಬೀಳುತ್ತಾರೆ. ದಿನಕ್ಕೆ ಬರೀ 100 ಮಿಲಿಗ್ರಾಂ ಕುಡಿಯುವವರಿಗೂ ನಿಲ್ಲಿಸಿದಾಗ ತಲೆನೋವು ಬರಬಹುದು. ಒಳ್ಳೆಯ ಸಂಗತಿಯೆಂದರೆ, ತಲೆನೋವನ್ನು ತಡೆದಿಡಲು ತೀರಾ ಚಿಕ್ಕ ಪ್ರಮಾಣವೂ ಸಾಕಾಗುತ್ತದೆ. 2.5 ಗ್ರಾಂನ ಆ ಅರ್ಧ ಲೋಟ ವ್ಯರ್ಥವಲ್ಲ.

ಲೆಕ್ಕ ತಪ್ಪುವ ಜಾಗಗಳು

ಕಾಫಿ ಬಿಟ್ಟು ಟೀ ಹಿಡಿಯುವುದು. ಟೀಯಲ್ಲೂ ಕೆಫೀನ್ ಇದೆ, ಕೋಲಾದಲ್ಲೂ ಇದೆ. ಮಧ್ಯೆ ಪುಡಿ ಅಂಗಡಿ ಬದಲಾದರೂ ವಿಚಾರಿಸಿ: ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹತ್ತಿರಹತ್ತಿರ ಎರಡರಷ್ಟು, ಚಿಕೋರಿ ಹೆಚ್ಚಿಸಿ ಗಳಿಸಿದ್ದೆಲ್ಲ ಅಲ್ಲಿ ಹೋಗುತ್ತದೆ. ಇನ್ನೊಂದು, ತಲೆನೋವಿನ ಕೆಲವು ಮಾತ್ರೆಗಳಲ್ಲೇ ಕೆಫೀನ್ ಬೆರೆಸಿರುತ್ತಾರೆ. ಸ್ಟ್ರಿಪ್ಪಿನ ಹಿಂದೆ ಓದದೆ ನುಂಗಿದರೆ ನೋವು ಹೋಗುತ್ತದೆ, ಆದರೆ ಬಿಟ್ಟದ್ದು ಮತ್ತೆ ಒಳಗೆ ಬಂದಂತಾಯಿತು.

ಹತ್ತು ದಿನ ದಾಟಿದರೂ ನಿಲ್ಲದ ನೋವು, ಸಿಡಿಲಿನಂತೆ ಒಮ್ಮೆಲೇ ಎರಗಿದ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಕೈಕಾಲು ಸೋಲುವುದು, ಮಾತು ತೊದಲುವುದು, ಇವನ್ನು ಕಾಫಿಯ ಖಾತೆಗೆ ಹಾಕಬಾರದು, ವೈದ್ಯರಿಗೆ ತೋರಿಸಬೇಕು. ವಾರ್ಡಿನಲ್ಲಿ ನಮಗೆ ನೇರವಾಗಿ ಬೇಕಾಗುವುದು ಶಸ್ತ್ರಚಿಕಿತ್ಸೆಗೆ ಮುಂಚಿನ ಉಪವಾಸದ ವಿಷಯ. ಆಪರೇಷನ್ ನಂತರದ ತಲೆನೋವಿಗೆ ಕೆಲವೊಮ್ಮೆ ಅರಿವಳಿಕೆಯಲ್ಲ, ತಪ್ಪಿದ ಕಾಫಿಯೇ ಕಾರಣ. ಅದಕ್ಕೆ ಅಡ್ಮಿಷನ್ ವೇಳೆ ಬೀಡಿ, ಸಿಗರೇಟು, ಮದ್ಯ ಕೇಳುವ ಸಾಲಿನಲ್ಲೇ ದಿನಕ್ಕೆ ಎಷ್ಟು ಕಾಫಿ, ಎಷ್ಟು ಟೀ ಎಂದೂ ಕೇಳಿ ಬರೆದುಕೊಳ್ಳಿ.