ಮಳೆಗಾಲದಲ್ಲಿ ಮುರಿಯುವ ಪ್ಲಾಸ್ಟಿಕ್ ಪಟ್ಟಿ

ನಮ್ಮ ಭಾವನದ್ದು ಪೀಣ್ಯದ ಹತ್ತಿರ ಒಂದು ಸಣ್ಣ ಶೆಡ್ ಇದೆ. ಗುಜರಿಯಿಂದ ಬಂದ ನೀರಿನ ಬಾಟಲಿ, ಜ್ಯೂಸ್ ಬಾಟಲಿಗಳ ಚೂರು ತಂದು, ಕರಗಿಸಿ, ರಟ್ಟಿನ ಪೆಟ್ಟಿಗೆ ಬಿಗಿಯುವ ಹಸಿರು ಪಟ್ಟಿ ಮಾಡುತ್ತಾರೆ. ಹೋದ ಜುಲೈನಲ್ಲಿ ಫೋನ್ ಮಾಡಿ, "ನೀನು ಕೆಮಿಸ್ಟ್ರಿ ಓದಿದವನಲ್ವಾ, ಬಾ ಇಲ್ಲಿ, ಇದೇನು ನೋಡು" ಅಂದರು. ಹೋದೆ. ಪಟ್ಟಿಯನ್ನು ಬೆರಳಲ್ಲಿ ಮಡಿಸಿದರೆ ಹಪ್ಪಳದ ಹಾಗೆ ಪಟ್ ಅಂತ ಮುರಿಯುತ್ತಿತ್ತು. ಅದೇ ಮೆಷಿನ್, ಅದೇ ಮಾಲು. ಏಪ್ರಿಲ್‌ನಲ್ಲಿ ಮಾಡಿದ ಪಟ್ಟಿಯನ್ನು ಇಬ್ಬರು ಹಿಡಿದು ಎಳೆದರೂ ಏನೂ ಆಗುತ್ತಿರಲಿಲ್ಲ.

ವಿಚಿತ್ರ ಏನಂದರೆ ಪಕ್ಕದ ಶೆಡ್‌ನವರಿಗೆ ಈ ತಾಪತ್ರಯವೇ ಇಲ್ಲ. ಅವರು ಹಾಲಿನ ಪ್ಯಾಕೆಟ್, ಹಳೇ ಕವರ್ ತೊಳೆದು ಕರಗಿಸಿ ಕಸದ ಚೀಲ ಮಾಡುತ್ತಾರೆ. ಮಾಲು ಪೂರ್ತಿ ಒಣಗದಿದ್ದರೆ ಚೀಲದಲ್ಲಿ ಗುಳ್ಳೆ ಬರುತ್ತೆ, ಅಲ್ಲಲ್ಲಿ ತೂತು ಬೀಳುತ್ತೆ. ಆದರೆ ಪ್ಲಾಸ್ಟಿಕ್ ತಾನಾಗಿ ಪೆಡಸಾಗಿ ಮುರಿಯುವುದಿಲ್ಲ. ಎರಡೂ ಶೆಡ್‌ಗೆ ಬೀಳುವುದು ಒಂದೇ ಮಳೆ. ಆದರೂ ಒಬ್ಬರ ಮಾಲು ಹಾಳಾಗುತ್ತೆ, ಇನ್ನೊಬ್ಬರದ್ದು ಆಗಲ್ಲ. ಕಾರಣ ಇರುವುದು ಈ ಎರಡು ಪ್ಲಾಸ್ಟಿಕ್‌ಗಳು ಹುಟ್ಟಿದ ರೀತಿಯಲ್ಲಿ.

ಮೊದಲು ಪಕ್ಕದ ಶೆಡ್‌ನ ಪಾಲಿಥೀನ್ ನೋಡೋಣ. 1933ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ವಿನ್ನಿಂಗ್ಟನ್‌ನಲ್ಲಿ, ಐಸಿಐ ಕಂಪನಿಯ ಲ್ಯಾಬಿನಲ್ಲಿ, ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಅನ್ನುವವರು ಎಥಿಲೀನ್ ಅನಿಲವನ್ನು ಬೇರೊಂದು ರಾಸಾಯನಿಕದ ಜೊತೆ ಗಾಳಿಯ ಒತ್ತಡದ ಸಾವಿರಾರು ಪಟ್ಟು ಒತ್ತಿ, 170 ಡಿಗ್ರಿಗೆ ಕಾಯಿಸಿದರು. ಅವರು ನಿರೀಕ್ಷಿಸಿದ್ದು ಏನೋ, ಪಾತ್ರೆಯಲ್ಲಿ ಸಿಕ್ಕಿದ್ದು ಮೇಣದಂಥ ಒಂಚೂರು ಬಿಳಿ ಪದಾರ್ಥ. ಎಥಿಲೀನ್ ಅಣುವಿನಲ್ಲಿ ಎರಡು ಕಾರ್ಬನ್‌ಗಳು ಎರಡು ಕೈಯಿಂದಲೂ ಒಬ್ಬರನ್ನೊಬ್ಬರು ಹಿಡಿದಿರುತ್ತವೆ. ಒಂದು ಕೈ ಬಿಡಿಸಿದರೆ ಅದು ಪಕ್ಕದ ಅಣುವನ್ನು ಹಿಡಿಯುತ್ತೆ, ಆ ಅಣುವಿನ ಬಿಟ್ಟ ಕೈ ಅದರಾಚೆಯದನ್ನು ಹಿಡಿಯುತ್ತೆ, ಹೀಗೆ ಸಾವಿರಾರು ಅಣು ಕ್ಷಣದಲ್ಲಿ ಸೇರಿ ಒಂದೇ ಸರಪಳಿ ಆಗುತ್ತೆ. ಏನೂ ಹೊರಗೆ ಹೋಗುವುದಿಲ್ಲ. ಇದು ಅಡಿಷನ್. ಕೂಡಿಸಿದ್ದೆಲ್ಲ ಒಳಗೇ ಇರುತ್ತೆ.

ನಮ್ಮ ಭಾವನ ಬಾಟಲಿ, ಅಂದರೆ ಪೆಟ್ ಅನ್ನುವ ಪಾಲಿಯೆಸ್ಟರ್, ಮತ್ತು ನೈಲಾನ್, ಇವೆರಡರ ಕಥೆಯೇ ಬೇರೆ. ಇಲ್ಲಿ ಸಾಮಾನ್ಯವಾಗಿ ಎರಡು ಥರದ ಅಣುಗಳು ತುದಿಗೆ ತುದಿ ಕೊಟ್ಟು ಸೇರುತ್ತವೆ, ಸೇರುವಾಗ ಪ್ರತಿ ಗಂಟಿಗೂ ಒಂದು ನೀರಿನ ಅಣು ಆಚೆ ಬೀಳುತ್ತೆ. ಇದು ಕಂಡೆನ್ಸೇಷನ್. ಪರೀಕ್ಷೆಗೆ ಓದುವಾಗ ಇದನ್ನು ಒಂದು ಸಾಲಿನ ವ್ಯತ್ಯಾಸ ಅಂತ ಉರು ಹೊಡೆದು ಬಿಟ್ಟಿದ್ದೆ. ಭಾವನ ಶೆಡ್‌ನಲ್ಲಿ ನಿಂತಾಗಲೇ ಆ ಸಾಲಿನ ಬೆಲೆ ಗೊತ್ತಾಗಿದ್ದು.

ಏಕೆಂದರೆ ಆ ನೀರು ಬಾಗಿಲಲ್ಲೇ ಕಾಯುತ್ತಿರುತ್ತೆ. ಗಂಟು ಕಟ್ಟುವ ಕ್ರಿಯೆ ಎರಡೂ ದಿಕ್ಕಿಗೆ ನಡೆಯುವಂಥದ್ದು: ನೀರು ಹೋದರೆ ಗಂಟು ಬೀಳುತ್ತೆ, ನೀರು ವಾಪಸ್ ಬಂದರೆ ಬಿಚ್ಚಿಕೊಳ್ಳುತ್ತೆ. ಅಮೆರಿಕದ ಡ್ಯುಪಾಂಟ್‌ನಲ್ಲಿ ವ್ಯಾಲೇಸ್ ಕ್ಯಾರೋದರ್ಸ್ ತಂಡ ಒದ್ದಾಡಿದ್ದು ಇದೇ ತೊಂದರೆಯಿಂದ. ಅವರು ಮಾಡುತ್ತಿದ್ದ ಪಾಲಿಯೆಸ್ಟರ್ ಸರಪಳಿಗಳ ತೂಕ ಐದಾರು ಸಾವಿರದ ಹತ್ತಿರ ಬಂದು ನಿಂತುಬಿಡುತ್ತಿತ್ತು. ಇಲ್ಲಿ ತೂಕ ಅಂದರೆ ಹೈಡ್ರೋಜನ್ ಪರಮಾಣು ಒಂದು ಅಂತ ಇಟ್ಟುಕೊಂಡು ಅಳೆಯುವ ಅಣುತೂಕ. 1930ರಲ್ಲಿ ಅವರ ಜೊತೆಗಾರ ಜೂಲಿಯನ್ ಹಿಲ್ ನಿರ್ವಾತದಲ್ಲಿ ಬಿಸಿ ಮಾಡಿ, ಹುಟ್ಟಿದ ನೀರನ್ನು ಆಗಿಂದಾಗಲೇ ಹೊರಗೆಳೆಯುವ ಉಪಕರಣ ಬಳಸಿದರು. ಸರಪಳಿ ಹನ್ನೆರಡು ಸಾವಿರ ದಾಟಿತು. ಕಡ್ಡಿ ಅದ್ದಿ ಎತ್ತಿದರೆ ಉದ್ದಕ್ಕೆ ಎಳೆ ಬಂತು. ಆ ದಾರಿಯಲ್ಲೇ ಮುಂದೆ ಹೋಗಿ 1935ರ ಫೆಬ್ರವರಿಯಲ್ಲಿ ನೈಲಾನ್ ಮಾಡಿದರು. ಬೆಲ್ಲದ ಪಾಕ ಮಾಡಿದವರಿಗೆ ಇದು ಹೊಸದೇನಲ್ಲ, ಅಲ್ವಾ? ನೀರು ಆರಿದಷ್ಟೂ ಪಾಕ ಗಟ್ಟಿ. ಪಾಕದಲ್ಲಿ ಗಂಟು ಬೀಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಈಗ ಭಾವನ ಶೆಡ್‌ಗೆ ವಾಪಸ್ ಬರೋಣ. ಅಲ್ಲಿ ಬಾಟಲಿ ಚೂರಿನ, ಅಂದರೆ ಫ್ಲೇಕ್ಸ್‌ನ, 25 ಕೆಜಿ ಚೀಲ ಇತ್ತು. ಬಾಟಲಿ ಪ್ಲಾಸ್ಟಿಕ್‌ನ ಒಂದು ಸರಪಳಿಯ ತೂಕ ಸರಾಸರಿ 25,000 ಅಂತ ಇಟ್ಟುಕೊಳ್ಳಿ. ನೀರಿನ ಅಣುವಿನ ತೂಕ 18. ಅಂದರೆ 25 ಕೆಜಿ ಫ್ಲೇಕ್ಸ್‌ನಲ್ಲಿ ಎಷ್ಟು ಸರಪಳಿ ಇವೆಯೋ, ಬರೀ 18 ಗ್ರಾಂ ನೀರಿನಲ್ಲಿ ಅಷ್ಟೇ ಅಣುಗಳಿವೆ. ಒಂದು ಅಣು ನೀರು ಒಂದು ಗಂಟು ಬಿಚ್ಚುತ್ತೆ. ಲೆಕ್ಕ ಸರಳ: ಮೂರೂವರೆ ಟೀ ಚಮಚ ನೀರು ಆ ಇಡೀ ಚೀಲದ ಒಂದೊಂದು ಸರಪಳಿಯನ್ನೂ ಒಂದೊಂದು ಸಲ ಕತ್ತರಿಸಬಲ್ಲದು. ಸರಾಸರಿ ಉದ್ದ ಅರ್ಧಕ್ಕೆ ಇಳಿಯುತ್ತೆ.

ಭಾವ ನಂಬಲಿಲ್ಲ. "ಫ್ಲೇಕ್ಸ್ ಮುಟ್ಟಿ ನೋಡು, ಒಣಗಿದೆ" ಅಂದರು. ಕೈಗೆ ಒಣಗಿದ್ದು ನಿಜ. ಆದರೆ ಪೆಟ್ ಗಾಳಿಯ ತೇವವನ್ನು ಒಳಕ್ಕೆ ಹೀರಿಕೊಳ್ಳುತ್ತೆ, ಸುಮ್ನೆ ತೆರೆದಿಟ್ಟರೂ ಸಾಕು. ಮಳೆಗಾಲದಲ್ಲಿ ತೂಕದ ಶೇಕಡ 0.2ರಷ್ಟು ನೀರು ಅದರೊಳಗೆ ಕೂತಿದೆ ಅಂದರೆ ಆಶ್ಚರ್ಯವೇನಿಲ್ಲ. ಚೀಲಕ್ಕೆ 50 ಗ್ರಾಂ ಆಯಿತು. ಅದೆಲ್ಲ ಮೆಷಿನ್‌ನಲ್ಲಿ 280 ಡಿಗ್ರಿಗೆ ಕಾದಾಗ ಪ್ರತಿ ಸರಪಳಿಗೆ ಹತ್ತಿರಹತ್ತಿರ ಮೂರು ಕತ್ತರಿ ಬೀಳುತ್ತೆ, 25,000 ಇದ್ದದ್ದು 6,600ಕ್ಕೆ ಬರುತ್ತೆ. ನಿಜವಾಗಿ ಅಷ್ಟೂ ನೀರು ಕತ್ತರಿ ಹಾಕುವುದಿಲ್ಲ, ಒಂದಷ್ಟು ಆವಿಯಾಗಿ ತಪ್ಪಿಸಿಕೊಳ್ಳುತ್ತೆ. ಆದರೂ ಪಟ್ಟಿ ಹಪ್ಪಳ ಆಗೋಕೆ ಇದು ಧಾರಾಳ ಸಾಕು.

ಗುರುತು ಹಿಡಿಯುವುದು ಕಷ್ಟವಲ್ಲ. ಮೆಷಿನ್‌ನ ಬಾಯಿಂದ ಬೀಳುವ ಕರಗಿದ ಮಾಲನ್ನು ನೋಡಿದರೆ ಸಾಕು. ಸರಪಳಿ ಉದ್ದ ಇದ್ದರೆ ಅದು ಜೇನಿನ ಹಾಗೆ ನಿಧಾನಕ್ಕೆ ಜೋತುಬೀಳುತ್ತೆ. ಕತ್ತರಿಸಿಹೋಗಿದ್ದರೆ ತಿಳಿಸಾರಿನ ಹಾಗೆ ಸುರಿಯುತ್ತೆ. ಅವತ್ತು ಸುರಿಯುತ್ತಿತ್ತು.

ಹಾಗಾಗಿ ಈ ಕೆಲಸ ಸರಿಯಾಗಿ ಮಾಡುವವರು ಫ್ಲೇಕ್ಸನ್ನು ಕರಗಿಸುವ ಮೊದಲು 160-170 ಡಿಗ್ರಿಯ ಒಣ ಗಾಳಿಯಲ್ಲಿ ನಾಲ್ಕಾರು ಗಂಟೆ ಇಡುತ್ತಾರೆ. ಬರೀ ಬಿಸಿಗಾಳಿ ಅಲ್ಲ, ತೇವ ತೆಗೆದ ಬಿಸಿಗಾಳಿ. ಮಳೆಗಾಲದ ಗಾಳಿಯನ್ನೇ ಕಾಯಿಸಿ ಊದಿದರೆ ಒದ್ದೆ ಟವಲಿನಲ್ಲಿ ಮೈ ಒರೆಸಿಕೊಂಡ ಹಾಗೆ. ಗುರಿ ಶೇಕಡ 0.005ಕ್ಕಿಂತ ಕಡಿಮೆ ನೀರು, ನಮ್ಮ ಚೀಲದ ಲೆಕ್ಕದಲ್ಲಿ ಒಂದೂಕಾಲು ಗ್ರಾಂ. ಆಗ ಹದಿನಾಲ್ಕು ಸರಪಳಿಯಲ್ಲಿ ಒಂದಕ್ಕೆ ಮಾತ್ರ ಕತ್ತರಿ. ಭಾವನ ಹತ್ತಿರ ಇದ್ದದ್ದು ಹೀಟರ್ ಕಟ್ಟಿದ ಒಂದು ಫ್ಯಾನ್.

ಬಾಟಲಿಗಳು ಹೆಚ್ಚಾಗಿ ಮತ್ತೆ ಬಾಟಲಿಯಾಗದೆ ಬಟ್ಟೆಯಾಗುವುದಕ್ಕೂ ಇದೇ ಒಂದು ಕಾರಣ. ಪ್ರತಿ ಸಲ ಕರಗಿಸಿದಾಗಲೂ ಸರಪಳಿ ಸ್ವಲ್ಪ ಗಿಡ್ಡ ಆಗುತ್ತೆ. ಬಾಟಲಿಗೆ ಉದ್ದ ಸರಪಳಿ ಬೇಕು, ಶರ್ಟಿನ ದಾರಕ್ಕೆ ಗಿಡ್ಡದು ನಡೆಯುತ್ತೆ. ಹಾಗಂತ ಗಿಡ್ಡ ಆದದ್ದು ಗಿಡ್ಡವಾಗೇ ಇರಬೇಕಿಲ್ಲ. ಕಾಳಿನಂತೆ ಮಾಡಿದ ಪೆಟ್ ಅನ್ನು ಕರಗಿಸದೆ, 200-220 ಡಿಗ್ರಿಯಲ್ಲಿ, ನಿರ್ವಾತದಲ್ಲಿ ಹಲವು ಗಂಟೆ ಇಟ್ಟರೆ ತುಂಡಾದ ತುದಿಗಳು ಮತ್ತೆ ಸೇರುತ್ತವೆ, ಸೇರುವಾಗ ಹುಟ್ಟುವ ನೀರನ್ನೂ, ಪೆಟ್ ಮಾಡುವ ಎರಡು ಅಣುಗಳಲ್ಲಿ ಒಂದಾದ ಗ್ಲೈಕಾಲನ್ನೂ ಪಂಪು ಎಳೆದು ಬಿಸಾಡುತ್ತೆ. ಹಿಲ್ ಮಾಡಿದ ಕೆಲಸವೇ, ಕಾರ್ಖಾನೆಯ ಗಾತ್ರದಲ್ಲಿ. ದೊಡ್ಡವರ ಹತ್ತಿರ ಈ ಯಂತ್ರ ಇರುತ್ತೆ, ಶೆಡ್‌ನವರಿಗೆ ಎಟುಕುವ ಮಾತಲ್ಲ.

ಇನ್ನೊಂದು ದಾರಿ ಇದೆ, ಅದು ನನಗೆ ಜಾಸ್ತಿ ಇಷ್ಟ. ಮಾಲು ತೀರಾ ಕೊಳೆಯಾಗಿದ್ದರೆ, ಬಣ್ಣ ಬೆರೆತಿದ್ದರೆ, ಬಿಚ್ಚಿಕೊಳ್ಳುವ ಆ ಗುಣವನ್ನೇ ಬಳಸಿಕೊಳ್ಳಬಹುದು. ಪೆಟ್ ಅನ್ನು ಬೇಕಾದ್ದಕ್ಕಿಂತ ಹೆಚ್ಚು ಎಥಿಲೀನ್ ಗ್ಲೈಕಾಲ್ ಜೊತೆ, ಒಂಚೂರು ಜಿಂಕ್ ಅಸಿಟೇಟ್ ಹಾಕಿ, 190-200 ಡಿಗ್ರಿಗೆ ಕಾಯಿಸಿದರೆ ಗ್ಲೈಕಾಲ್ ಒಳಗೆ ನುಗ್ಗಿ ಒಂದೊಂದೇ ಗಂಟು ಬಿಚ್ಚಿ, ಕೊನೆಗೆ ಸರಪಳಿಯ ಬಿಡಿಬಿಡಿ ಕೊಂಡಿ ಉಳಿಯುತ್ತೆ. ಅದನ್ನು ಸೋಸಿ, ತಣ್ಣಗಾಗಿಸಿ ಹರಳು ಕಟ್ಟಿಸಿದರೆ ಕೊಳೆ, ಬಣ್ಣ ಬಹುಪಾಲು ಹಿಂದೆ ಉಳಿಯುತ್ತವೆ. ಆ ಕೊಂಡಿಗಳಿಂದ ಮಾಡಿದ ಹೊಸ ಪೆಟ್‌ಗೂ ಮೊದಲಿನದಕ್ಕೂ ವ್ಯತ್ಯಾಸ ಇಲ್ಲ. ಕಾಯಿಸುವ, ಸೋಸುವ, ಗ್ಲೈಕಾಲ್ ವಾಪಸ್ ಪಡೆಯುವ ಖರ್ಚು ಮಾತ್ರ ಇದೆ. ತೊಳೆದ ಬಿಳಿ ಬಾಟಲಿ ಸಿಗುವಾಗ ಯಾರೂ ಇಷ್ಟು ಕಷ್ಟಪಡುವುದಿಲ್ಲ.

ನೈಲಾನ್‌ನಲ್ಲೂ ಇದು ನಡೆಯುತ್ತೆ. ನೈಲಾನ್ 6 ಅನ್ನುವ ಬಗೆಯನ್ನು ಬಿಸಿ ಹಬೆಯಲ್ಲಿ ಬೇಯಿಸಿದರೆ ಅದು ಹುಟ್ಟಿದ ಕ್ಯಾಪ್ರೊಲ್ಯಾಕ್ಟಮ್‌ಗೇ ಮರಳುತ್ತೆ. ಸ್ಲೊವೇನಿಯಾದ ಒಂದು ಕಾರ್ಖಾನೆ ಹಳೇ ಮೀನುಬಲೆಗಳಿಂದ ಹೀಗೇ ಹೊಸ ದಾರ ಮಾಡುತ್ತಿದೆ. ಆದರೆ ಬಲೆ ಅಂದರೆಲ್ಲ ನೈಲಾನ್ ಅಲ್ಲ. ನಮ್ಮ ಕರಾವಳಿಯಲ್ಲಿ ಮೀನು ಸಿಕ್ಕಿಹಾಕಿಕೊಳ್ಳುವ ಬೀಡುಬಲೆ ಸಾಮಾನ್ಯವಾಗಿ ನೈಲಾನ್, ದೋಣಿ ಎಳೆದೊಯ್ಯುವ ಟ್ರಾಲ್ ಬಲೆ ಹೆಚ್ಚಾಗಿ ಪಾಲಿಥೀನ್. ಒಂದು ತುಂಡು ಬಕೆಟ್ ನೀರಿಗೆ ಹಾಕಿ, ಗಾಳಿಗುಳ್ಳೆ ಹೋಗುವಂತೆ ಹಿಂಡಿ ಬಿಡಿ. ನೈಲಾನ್ ಮುಳುಗುತ್ತೆ, ಪಾಲಿಥೀನ್ ತೇಲುತ್ತೆ. ನೀರಿನ ಬಾಟಲಿಯನ್ನು ಕತ್ತರಿಸಿ ಹಾಕಿದರೂ ಅಷ್ಟೇ: ಬಾಟಲಿ ತಳಕ್ಕೆ, ಮುಚ್ಚಳ ಮೇಲಕ್ಕೆ. ತೊಳೆಯುವ ತೊಟ್ಟಿಯಲ್ಲಿ ಮಾಲು ಬೇರೆ ಮಾಡುವುದೂ ಹೀಗೇ. ಪಿವಿಸಿ ಮಾತ್ರ ಪೆಟ್ ಜೊತೆಗೇ ಮುಳುಗಿ ಕೈಕೊಡುತ್ತೆ. ಕಾಯಿಸಿದಾಗ ಅದರಿಂದ ಆಮ್ಲ ಹೊರಟು ಪೆಟ್‌ನ ಗಂಟುಗಳನ್ನು ಇನ್ನೂ ಬೇಗ ಬಿಚ್ಚಿಸುತ್ತೆ, ಮಾಲು ಹಳದಿಯಾಗುತ್ತೆ.

ಹಾಗಾದರೆ ಮಳೆಗೆ ಹೆದರದ ಪಾಲಿಥೀನೇ ಗಟ್ಟಿಗ ಅಲ್ವಾ? ಗಟ್ಟಿಗನೇ, ಅಲ್ಲೇ ತೊಂದರೆ. ಅದರ ಸರಪಳಿ ಉದ್ದಕ್ಕೂ ಬರೀ ಕಾರ್ಬನ್-ಕಾರ್ಬನ್ ಕೊಂಡಿ, ಎಲ್ಲ ಒಂದೇ ಥರ. ನೀರು, ಗ್ಲೈಕಾಲ್ ಯಾವುದಕ್ಕೂ ಬೆರಳು ತೂರಿಸಲು ಸಂದಿಲ್ಲ. ಮುರಿಯಲೇಬೇಕು ಅಂದರೆ ಗಾಳಿ ಇಲ್ಲದೆ 400-500 ಡಿಗ್ರಿಗೆ ಕಾಯಿಸಬೇಕು. ಆಗ ಅದು ಎಲ್ಲೆಲ್ಲೋ ಮುರಿಯುತ್ತೆ, ಮೇಣ, ಡೀಸೆಲ್‌ನಂಥ ಎಣ್ಣೆ, ಅನಿಲ ಎಲ್ಲ ಬೆರೆತು ಬರುತ್ತೆ. ಅದರಲ್ಲಿ ಎಥಿಲೀನ್ ಸ್ವಲ್ಪವೇ. ಮಣಿಸರ ಬಿಚ್ಚಿ ಮಣಿ ತೆಗೆಯುವುದಕ್ಕೂ, ಸರವನ್ನು ಕಲ್ಲಿನಿಂದ ಜಜ್ಜುವುದಕ್ಕೂ ಇರುವ ವ್ಯತ್ಯಾಸ ಇದು. "ಪ್ಲಾಸ್ಟಿಕ್‌ನಿಂದ ಪೆಟ್ರೋಲ್" ಅಂತ ಸುದ್ದಿ ಬಂದಾಗಲೆಲ್ಲ ನಾನು ಮೊದಲು ಕೇಳುವುದು, ಯಾವ ಪ್ಲಾಸ್ಟಿಕ್, ಕಾಯಿಸಲು ಎಷ್ಟು ಸುಟ್ಟಿರಿ ಅಂತ.

ಭಾವ ದೀಪಾವಳಿ ಹೊತ್ತಿಗೆ ಸೆಕೆಂಡ್‌ಹ್ಯಾಂಡ್ ಡ್ರೈಯರ್ ಒಂದನ್ನು ತಂದು ಕೂರಿಸಿದರು. ಜುಲೈನ ಮುರುಕು ಪಟ್ಟಿ ಇನ್ನೂ ನಾಲ್ಕು ಗೋಣಿಚೀಲ ಮೂಲೆಯಲ್ಲಿ ಬಿದ್ದಿದೆ. ಅದನ್ನು ಹೊಸ ಫ್ಲೇಕ್ಸ್ ಜೊತೆ ನೂರಕ್ಕೆ ಐದರಂತೆ ಬೆರೆಸಿ, ಬೆರೆಸುವ ಮೊದಲು ಅದನ್ನೂ ಒಣಗಿಸಿ, ನಿಧಾನಕ್ಕೆ ಖಾಲಿ ಮಾಡುತ್ತಿದ್ದಾರೆ.