ನಾಲ್ಕು ಬಿಟ್‌ಗಳಲ್ಲಿ ಗೆರೆಯ ಹಣೆಬರಹ

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಗ್ರಾಫಿಕ್ಸ್ ಲ್ಯಾಬ್‌ಗಳಲ್ಲಿ, ಚಿತ್ರ ಕಾಣುವ ಆಯತಾಕಾರದ ಕಿಟಕಿಯಾಚೆಗಿನ ಗೆರೆಗಳನ್ನು ಕತ್ತರಿಸುವ ಕೋಹೆನ್–ಸದರ್ಲೆಂಡ್ ಪ್ರೋಗ್ರಾಂ ಬರೆದವರು ಬಹಳ ಮಂದಿ. ಅದರ ಮೂಲ 1960ರ ದಶಕದ ಹಾರ್ವರ್ಡ್‌ನಲ್ಲಿದೆ. ಅಲ್ಲಿ ಡ್ಯಾನಿ ಕೋಹೆನ್ ವಿಮಾನ ಹಾರಾಟದ ಸಿಮ್ಯುಲೇಟರ್ ಕಟ್ಟುತ್ತಿದ್ದರು, ಐವಾನ್ ಸದರ್ಲೆಂಡ್ ತಲೆಗೆ ತೊಡುವ ಪರದೆಯ ಕೆಲಸದಲ್ಲಿದ್ದರು. ನೋಡುವವನು ತಿರುಗಿದಂತೆಲ್ಲ ಚಿತ್ರವನ್ನು ಹೊಸದಾಗಿ ಬರೆಯಬೇಕು, ಆದರೆ ಬಹುಪಾಲು ಗೆರೆಗಳು ಪರದೆಯ ಆಚೆಗೇ ಉಳಿಯುತ್ತವೆ. ಗೆರೆ ಅಂಚನ್ನು ಎಲ್ಲಿ ದಾಟುತ್ತದೆಂದು ತಿಳಿಯಲು ಭಾಗಾಕಾರ ಬೇಕು, ಆಗಿನ ಯಂತ್ರಗಳಿಗೆ ಅದು ನಿಧಾನದ ಕೆಲಸ. ಕಾಣದ ಗೆರೆಗೆ ಆ ಶ್ರಮವನ್ನು ಏಕೆ ವ್ಯಯಿಸಬೇಕು?

ಅವರ ಉಪಾಯ ಇಷ್ಟು: ಕಿಟಕಿಯ ನಾಲ್ಕು ಅಂಚುಗಳನ್ನು ಎರಡೂ ಬದಿಗೆ ಎಳೆದರೆ ಸಮತಲ ಒಂಬತ್ತು ವಲಯಗಳಾಗುತ್ತದೆ. ಗೆರೆಯ ಪ್ರತಿ ತುದಿಗೂ ನಾಲ್ಕು ಬಿಟ್‌ಗಳ ಕೋಡ್ ಕೊಡುತ್ತೇವೆ. ಮೇಲಿದ್ದರೆ 1000, ಕೆಳಗಿದ್ದರೆ 0100, ಬಲಕ್ಕೆ 0010, ಎಡಕ್ಕೆ 0001, ಒಳಗಿದ್ದರೆ 0000. ಎರಡೂ ಕೋಡ್ ಸೊನ್ನೆಯಾದರೆ ಗೆರೆ ಇಡಿಯಾಗಿ ಒಳಗಿದೆ. ಎರಡರಲ್ಲೂ ಒಂದೇ ಸ್ಥಾನದಲ್ಲಿ 1 ಇದ್ದರೆ ಗೆರೆ ಪೂರ್ತಿಯಾಗಿ ಆ ಅಂಚಿನಾಚೆ ಇದೆ, ಕೈಬಿಡಬಹುದು. ಇಲ್ಲಿಯವರೆಗೆ ಭಾಗಾಕಾರವೇ ಬೇಕಿಲ್ಲ.

ಉಳಿದವು ಅನುಮಾನದ ಗೆರೆಗಳು. x 10ರಿಂದ 50, y 10ರಿಂದ 40 ಇರುವ ಕಿಟಕಿಯನ್ನು ತೆಗೆದುಕೊಳ್ಳಿ. ಒಂದು ಗೆರೆ (0,20)ರಿಂದ (40,60)ಕ್ಕೆ, ಇನ್ನೊಂದು (0,35)ರಿಂದ (30,65)ಕ್ಕೆ ಹೋಗುತ್ತದೆ. ಎರಡರ ತುದಿಗಳ ಕೋಡ್‌ಗಳೂ 0001 ಮತ್ತು 1000. ಕೋಡ್ ಮಾತ್ರ ನೋಡಿದರೆ ಇವು ಅವಳಿಗಳು. ಎಡ ಅಂಚಿನಲ್ಲಿ ಕತ್ತರಿಸಿದಾಗ ಮೊದಲ ಗೆರೆಯ ಹೊಸ ತುದಿ (10,30), ಕೋಡ್ 0000. ಮೇಲಂಚಿನಲ್ಲೂ ಕತ್ತರಿಸಿದರೆ (20,40)ರವರೆಗಿನ ತುಂಡು ಉಳಿಯುತ್ತದೆ. ಎರಡನೆಯದರ ಹೊಸ ತುದಿ (10,45), ಕೋಡ್ 1000. ಇನ್ನೊಂದು ತುದಿಯೂ 1000 ಆಗಿರುವುದರಿಂದ ಅದು ಮೂಲೆಯ ಹೊರಗಿನಿಂದಲೇ ಹಾದುಹೋಗಿದೆ ಎಂದು ಆಗ ಗೊತ್ತಾಗುತ್ತದೆ. ಪ್ರತಿ ಸಲ ಕತ್ತರಿಸಿದ ಮೇಲೆ ಕೋಡನ್ನು ಮತ್ತೆ ಲೆಕ್ಕ ಹಾಕಬೇಕಾದದ್ದು ಇದಕ್ಕೇ. ಅದನ್ನು ಮರೆತ ಪ್ರೋಗ್ರಾಂ ಒಂದೇ ಅಂಚಿನಲ್ಲಿ ಸುತ್ತುತ್ತಾ ನಿಂತುಬಿಡುತ್ತದೆ.

ಸಿ ಭಾಷೆಯಲ್ಲಿ ಮತ್ತೊಂದು ಹೊಂಡವಿದೆ. c1, c2 ಎಂಬ ಎರಡು ತುದಿಗಳ ಕೋಡ್‌ಗಳಲ್ಲಿ ಒಂದೇ ಸ್ಥಾನದಲ್ಲಿ 1 ಇಲ್ಲವೇ ಎಂದು ನೋಡಲು ಹೀಗೆ ಬರೆದುಬಿಡುತ್ತಾರೆ:

```
if (c1 & c2 == 0)
```

ಇಲ್ಲಿ ಮೊದಲು ನಡೆಯುವುದು `c2 == 0` ಹೋಲಿಕೆ. ಕಂಪೈಲರ್ ಇದನ್ನು ತಪ್ಪೆಂದು ತಡೆಯುವುದಿಲ್ಲ, ಆದರೆ ಕಾಣಬೇಕಾದ ಗೆರೆಗಳು ಮಾಯವಾಗುತ್ತವೆ. `(c1 & c2) == 0` ಎಂದು ಆವರಣ ಹಾಕಲೇಬೇಕು.

1968ರಲ್ಲಿ ಬಾಬ್ ಸ್ಪ್ರೌಲ್ ಮತ್ತು ಸದರ್ಲೆಂಡ್ ಕತ್ತರಿಸುವ ಕೆಲಸವನ್ನು ಹಾರ್ಡ್‌ವೇರ್‌ಗೇ ಒಪ್ಪಿಸಿದರು. ಅಲ್ಲಿ ಗೆರೆಯನ್ನು ಮತ್ತೆ ಮತ್ತೆ ಅರ್ಧ ಮಾಡುತ್ತಾ ಅಂಚನ್ನು ಹುಡುಕಲಾಗುತ್ತಿತ್ತು. ಎರಡರಿಂದ ಭಾಗಿಸಲು ಬಿಟ್‌ಗಳನ್ನು ಒಂದು ಸ್ಥಾನ ಸರಿಸಿದರೆ ಸಾಕು.

ಆದರೂ (10,45)ನ್ನು ಕಂಡುಹಿಡಿಯಲು ಪಟ್ಟ ಶ್ರಮ ವ್ಯರ್ಥವೇ ಆಯಿತು, ಏಕೆಂದರೆ ಆ ಬಿಂದು ಯಾವ ಚಿತ್ರದಲ್ಲೂ ಬರುವುದಿಲ್ಲ. 1987ರ ನಿಕೋಲ್–ಲೀ–ನಿಕೋಲ್ ವಿಧಾನ ಹಿಡಿದದ್ದು ಈ ನಷ್ಟವನ್ನೇ. ಅದು ಗೆರೆಯ ಓರೆಯನ್ನು ಕಿಟಕಿಯ ಮೂಲೆಗಳ ದಿಕ್ಕಿನೊಂದಿಗೆ ಮೊದಲು ಹೋಲಿಸಿ, ನಿಜವಾಗಿಯೂ ಬೇಕಾದ ಛೇದನ ಬಿಂದುಗಳನ್ನು ಮಾತ್ರ ಲೆಕ್ಕ ಹಾಕುತ್ತದೆ.