ಕ್ರಿಯಾಟಿನ್ ತುಂಬುವುದು ರ‍್ಯಾಲಿಗಳ ನಡುವೆ

ಬ್ಯಾಡ್ಮಿಂಟನ್ ಸಿಂಗಲ್ಸ್ ಆಡುವ ಹುಡುಗನೊಬ್ಬ ಈಚೆಗೆ ಕೇಳಿದ: "ಸರ್, ಮೂರನೇ ಗೇಮ್‌ನಲ್ಲಿ ಕಾಲೇ ಏಳಲ್ಲ. ಟೂರ್ನಿಗೆ ಐದು ವಾರ ಇದೆ. ಕ್ರಿಯಾಟಿನ್ ಶುರು ಮಾಡ್ಲಾ?" ತೂಕ 62 ಕಿಲೋ. ಹುಟ್ಟಿನಿಂದ ಸಸ್ಯಾಹಾರಿ.

ಮೊದಲು ಊಟ ವಿಚಾರಿಸಿದೆ. ಬೆಳಿಗ್ಗೆ 7ಕ್ಕೆ ಎರಡು ಇಡ್ಲಿ, ಮ್ಯಾಚ್ 11ಕ್ಕೆ, ನಡುವೆ ಬರೀ ನೀರು! ಇಂಥ ಸುಸ್ತಿಗೆ ಬೇಕಿರುವುದು ಬಾಳೆಹಣ್ಣು, ಡಬ್ಬದ ಪುಡಿಯಲ್ಲ. ಅದನ್ನು ಸರಿಪಡಿಸಿದ ಮೇಲೆಯೇ ಕ್ರಿಯಾಟಿನ್ ಮಾತು.

ಜಂಪ್ ಸ್ಮ್ಯಾಶ್ ಹೊಡೆದು ನೆಟ್‌ಗೆ ನುಗ್ಗುತ್ತೀರಿ ಅಲ್ವಾ? ಆ ಕೆಲವು ಸೆಕೆಂಡುಗಳ ಶಕ್ತಿಗೆ ಸ್ನಾಯು ಮುಖ್ಯವಾಗಿ ನೆಚ್ಚಿಕೊಳ್ಳುವುದು ತನ್ನೊಳಗಿನ ಫಾಸ್ಫೋಕ್ರಿಯಾಟಿನ್ ದಾಸ್ತಾನನ್ನು. ಪೂರ್ತಿ ಬಲ ಹಾಕಿದರೆ ಅದು ಸುಮಾರು ಹತ್ತು ಸೆಕೆಂಡಿನಲ್ಲಿ ಬಹುಪಾಲು ಕರಗುತ್ತದೆ. ನೀವು ಟವೆಲ್‌ನಿಂದ ಮುಖ ಒರೆಸುವಾಗ ಮತ್ತೆ ತುಂಬುತ್ತಿರುತ್ತದೆ. ಅರ್ಧ ತುಂಬಲು ಹೆಚ್ಚುಕಡಿಮೆ ಅರ್ಧ ನಿಮಿಷ, ಪೂರ್ತಿಗೆ ಮೂರರಿಂದ ಐದು ನಿಮಿಷ ಬೇಕು. ಟೆನಿಸ್‌ನಲ್ಲಿ ಪಾಯಿಂಟ್‌ಗಳ ನಡುವೆ ಸಿಗುವುದೇ 25 ಸೆಕೆಂಡು, ಸ್ಕ್ವಾಷ್‌ನಲ್ಲಿ ಇನ್ನೂ ಕಡಿಮೆ. ಬಿರುಸಿನ ರ‍್ಯಾಲಿ ಮುಗಿಸಿ ಮುಂದಿನದಕ್ಕೆ ನಿಂತಾಗ ದಾಸ್ತಾನು ಅರೆಬರೆಯೇ. ಕ್ರಿಯಾಟಿನ್ ಈ ದಾಸ್ತಾನನ್ನು ದೊಡ್ಡದು ಮಾಡುತ್ತದೆ, ಅಷ್ಟೇ.

ಹಾಗಾಗಿ ಮೊದಲ ಸ್ಮ್ಯಾಶ್ ಜೋರಾಗಲಿ ಎಂದು ಕಾಯಬೇಡಿ. ಟೆನಿಸ್ ಆಟಗಾರರ ಮೇಲೆ ನಡೆದ ಪರೀಕ್ಷೆಗಳಲ್ಲಿ ಸರ್ವ್ ವೇಗ ಹೆಚ್ಚಿಲ್ಲ. ಆದರೆ 2001ರಲ್ಲಿ ಸ್ಕ್ವಾಷ್ ಆಟಗಾರರಿಗೆ ಚೆಂಡಿಲ್ಲದೆ ಕೋರ್ಟ್ ತುಂಬ ಓಡುವ ಘೋಸ್ಟಿಂಗ್ ಸೆಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಬಿಡುವು ಕೊಟ್ಟು ಮಾಡಿಸಿದಾಗ, ಕ್ರಿಯಾಟಿನ್ ತೆಗೆದುಕೊಂಡವರು ಬೇಗ ಮುಗಿಸಿದರು. ಮೇಲುಗೈ ಸಣ್ಣದೇ.

ದಿನಕ್ಕೆ 20 ಗ್ರಾಂನಂತೆ ಐದಾರು ದಿನ ತಿಂದರೆ ದಾಸ್ತಾನು ಬೇಗ ತುಂಬುತ್ತದೆ. ಜೊತೆಗೆ ಒಂದೆರಡು ಕಿಲೋ ನೀರಿನ ತೂಕವೂ ಏರಬಹುದು. ನೆಗೆದು ಆಡುವವನಿಗೆ ಅದು ಯಾಕೆ ಬೇಕು? ಇವನಿಗೆ ನಾನು ಹೇಳಿದ್ದು ಕ್ರಿಯಾಟಿನ್ ಮೊನೊಹೈಡ್ರೇಟ್, ದಿನಕ್ಕೆ 3 ಗ್ರಾಂ, ಊಟದ ಜೊತೆ. ಸುಮಾರು ನಾಲ್ಕು ವಾರಕ್ಕೆ ಅದೂ ಅಲ್ಲಿಗೇ ಮುಟ್ಟುತ್ತದೆ. ಮ್ಯಾಚ್ ದಿನ ಬೆಳಿಗ್ಗೆ ಸುಮ್ನೆ ಒಂದು ಚಮಚ ನುಂಗಿದರೆ ಏನೂ ಆಗದು. ಕ್ರಿಯಾಟಿನ್ ಹೆಚ್ಚಾಗಿ ಸಿಗುವುದು ಮಾಂಸ, ಮೀನಿನಲ್ಲಿ. ಆದ್ದರಿಂದ ಸಸ್ಯಾಹಾರಿಗಳ ದಾಸ್ತಾನು ಮೊದಲೇ ಕಡಿಮೆ, ಏರಿಕೆ ಜಾಸ್ತಿ.

ಕೆಲಸ ಮಾಡಿತೇ ಎಂದು ತಿಳಿಯಲು ಶುರು ಮಾಡುವ ಮೊದಲು ಒಮ್ಮೆ, ನಾಲ್ಕು ವಾರದ ಮೇಲೆ ಒಮ್ಮೆ, ಕೋರ್ಟಿನ ಆರು ಮೂಲೆಗೂ ಓಡುವ ಎಂಟು ಸೆಟ್ ಮಾಡಿ. ನಡುವೆ 25 ಸೆಕೆಂಡು ಬಿಡುವು. ಕೊನೆಯ ಎರಡು ಸೆಟ್‌ಗಳ ಸಮಯ ಹೋಲಿಸಿ. ಅಲ್ಲಿ ವ್ಯತ್ಯಾಸವೇ ಇಲ್ಲ, ತೂಕ ಮಾತ್ರ ಏರಿದೆ ಎಂದರೆ ನಿಲ್ಲಿಸಿಬಿಡಿ.

ಕ್ರಿಯಾಟಿನ್ ತಗೊಳ್ಳುವಾಗ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನೈನ್ ಸ್ವಲ್ಪ ಮೇಲೆ ಕಾಣಬಹುದು. ಕಿಡ್ನಿ ಕೆಟ್ಟಿದೆ ಎಂದು ಗಾಬರಿಯಾಗುವ ಮುಂಚೆ ಪುಡಿಯ ವಿಷಯ ಡಾಕ್ಟರಿಗೆ ತಿಳಿಸಿ. ಕಿಡ್ನಿ ತೊಂದರೆ ಮೊದಲೇ ಇದ್ದವರು ಮುಟ್ಟಬೇಡಿ. ವಾಡಾದ ನಿಷೇಧಿತ ಪಟ್ಟಿಯಲ್ಲಿ ಕ್ರಿಯಾಟಿನ್ ಇಲ್ಲ, ಆದರೆ ಕಳಪೆ ಡಬ್ಬಗಳಲ್ಲಿ ಬೇರೆ ಮದ್ದು ಬೆರೆತಿರಬಹುದು. ಡೋಪ್ ಪರೀಕ್ಷೆಗೆ ಒಳಪಡುವವರು ಬ್ಯಾಚ್ ಬ್ಯಾಚ್ ಪರೀಕ್ಷೆಯಾದ ಡಬ್ಬವನ್ನೇ ಕೊಂಡು, ಬ್ಯಾಚ್ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ.